ಉಳಿದ ಮೂವತ್ತೇಳು ಜನರಿಗೆ ಏನು ಹೇಳುವುದು?

ಒಂದು ಸಂಸ್ಥೆ ಏಳು ಜನರನ್ನು ಕೆಲಸದಿಂದ ತೆಗೆದರೆ ಊರೆಲ್ಲ ಆ ಏಳು ಜನರ ಬಗ್ಗೆ ಮಾತಾಡುತ್ತದೆ. ಮಾತಾಡಲೇಬೇಕು, ಅನ್ನ ಹೋದದ್ದು ಅವರದ್ದು. ಆದರೆ ಮರುದಿನ ಬೆಳಿಗ್ಗೆ ಹತ್ತಕ್ಕೆ ಶಟರ್ ಎತ್ತುವವರು ಉಳಿದವರು. ಅವರಿಗೆ ಯಾರು, ಏನು, ಯಾವಾಗ ಹೇಳಿದರು ಅನ್ನುವುದನ್ನು ಯಾರೂ ಕೇಳುವುದಿಲ್ಲ.

ಸುಮಾರು ಇಪ್ಪತ್ತು ವರ್ಷದ ಹಿಂದೆ ಕಾರವಾರದ ಒಂದು ಕಚೇರಿಯಲ್ಲಿ ನಾನೂ ಹೀಗೆ ಉಳಿದವಳು. ಒಂದು ಸೋಮವಾರ ಹೋಗಿ ನೋಡಿದರೆ ನನ್ನ ಪಕ್ಕದ ಮೇಜಿನ ಅಕ್ಕ ಬಂದಿರಲಿಲ್ಲ. ಅವರ ಸ್ಟೀಲಿನ ಡಬ್ಬಿ ಮೇಜಿನ ಮೇಲೆ ಇತ್ತು, ಮಳೆಗಾಲಕ್ಕೆಂದು ಇಟ್ಟುಕೊಂಡಿದ್ದ ಚಪ್ಪಲಿ ಕೆಳಗಿತ್ತು. ನಾಲ್ಕು ದಿನ ಯಾರೂ ಅದನ್ನು ಮುಟ್ಟಲಿಲ್ಲ. ಕೊನೆಗೆ ಮ್ಯಾನೇಜರ್ ಬಂದು, "ನಿಮಗ್ಯಾರಿಗೂ ಏನೂ ಆಗುವುದಿಲ್ಲ, ಸುಮ್ನೆ ಕೆಲಸ ನೋಡಿ" ಅಂದರು. ಎರಡು ತಿಂಗಳಲ್ಲಿ ಇನ್ನಿಬ್ಬರು ಹೋದರು. ಆಮೇಲೆ ಅವರು ಸಂಬಳ ಒಂದನೇ ತಾರೀಕಿಗೆ ಬರುತ್ತದೆ ಅಂದರೂ ನಾವು ನಂಬುತ್ತಿರಲಿಲ್ಲ. ವರ್ಷ ತುಂಬುವುದರೊಳಗೆ ನಾನೂ ಬೇರೆ ಕೆಲಸ ಹಿಡಿದೆ. ನನ್ನನ್ನು ಯಾರೂ ತೆಗೆದಿರಲಿಲ್ಲ.

ಆಮೇಲೆ ಸಿಬ್ಬಂದಿ ವಿಭಾಗದಲ್ಲೇ ಕೆಲಸ ಮಾಡುತ್ತಾ ಬಂದೆ. ಇಂಥ ಸುದ್ದಿ ಹೇಳುವ ಕಡೆಯಲ್ಲೂ ಕೂತೆ. ಕಂಡದ್ದನ್ನೆಲ್ಲ ಸೇರಿಸಿ ಒಂದು ಉದಾಹರಣೆ ಕಟ್ಟಿ ಇಲ್ಲಿ ಬಿಡಿಸಿಡುತ್ತೇನೆ. ಸಂಸ್ಥೆ ಕಲ್ಪಿತ, ಅಂಕಿಗಳೂ ಕಲ್ಪಿತ. ಸಮಸ್ಯೆ ಮಾತ್ರ ನಮ್ಮ ಜಿಲ್ಲೆಯದ್ದೇ.

ಶಿರಸಿಯಲ್ಲಿ ಮುಖ್ಯ ಕಚೇರಿ ಇರುವ ಒಂದು ಸೌಹಾರ್ದ ಪತ್ತಿನ ಸಹಕಾರಿ ಅಂದುಕೊಳ್ಳಿ. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ, ಅಂಕೋಲಾ, ಕಾರವಾರ, ಹೀಗೆ ಆರು ಶಾಖೆ. ಒಟ್ಟು 44 ಜನ. ಅಂಕೋಲಾ ಶಾಖೆಗೆ ವರ್ಷಕ್ಕೆ 31 ಲಕ್ಷ ಖರ್ಚು, ಆದಾಯ 18 ಲಕ್ಷ. ಎರಡು ವರ್ಷದಿಂದ ಹೀಗೇ ನಡೆದಿದೆ. ಕೌಂಟರಿಗೆ ಬರುವ ಜನ ಕಡಿಮೆಯಾಗಿದ್ದಾರೆ, ಮೊಬೈಲಲ್ಲೇ ಹಣ ಕಳಿಸುತ್ತಾರೆ. ಆಡಳಿತ ಮಂಡಳಿ ಮಾರ್ಚ್ 31ಕ್ಕೆ ಆ ಶಾಖೆಯನ್ನು ಕಾರವಾರಕ್ಕೆ ಸೇರಿಸಲು ತೀರ್ಮಾನಿಸಿತು. ಎಲ್ಲ ಶಾಖೆಗಳ ಸಾಲದ ಕಡತಗಳ ಕೆಲಸವೂ ಇನ್ನು ಶಿರಸಿಯಲ್ಲೇ. ಏಳು ಜನ ಹೋಗುತ್ತಾರೆ, 37 ಜನ ಉಳಿಯುತ್ತಾರೆ. ಉಳಿದವರಲ್ಲಿ ಐದು ಜನರಿಗೆ ವರ್ಗ. ಆ ಐದರಲ್ಲಿ ಇಬ್ಬರು ಅಂಕೋಲಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಬೇಕು.

ಇಂಥ ಸಂಸ್ಥೆಗೆ ಬೇರೆಯವರಿಗಿಲ್ಲದ ಒಂದು ಅಪಾಯ ಇದೆ. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಪತ್ತಿನ ಸಹಕಾರಿಗಳ ಠೇವಣಿಗೆ ಆ ವಿಮೆ ಇಲ್ಲ. ಠೇವಣಿ ಇಟ್ಟವರು ನಂಬುವುದು ಕೌಂಟರಿನ ಹಿಂದೆ ಕೂತ ಮುಖವನ್ನು. ಆ ಮುಖ ಅವರ ಸೊಸೆಯ ತಮ್ಮನದ್ದೋ, ಪಕ್ಕದ ಕೇರಿಯ ಹುಡುಗಿಯದ್ದೋ ಆಗಿರುತ್ತದೆ. ಶಾಖೆ ಮುಚ್ಚುವ ಸುದ್ದಿ ಹೊರಬಿದ್ದ ಸಂಜೆಯೇ ಆ ಹುಡುಗಿಯನ್ನು ಮೀನು ಪೇಟೆಯಲ್ಲಿ ಯಾರೋ ನಿಲ್ಲಿಸಿ ಕೇಳುತ್ತಾರೆ: "ತಂಗಿ, ನಿಮ್ಮ ಸೊಸೈಟಿ ಮುಚ್ತದಂತೆ, ಹೌದಾ? ನಮ್ಮ ದುಡ್ಡು?"

ಅವಳ ಉತ್ತರ ಏನು? ಬೆಳಿಗ್ಗೆ ಸಂಸ್ಥೆ ಅವಳಿಗೆ ಹೇಳಿದ್ದಷ್ಟೇ ಅವಳ ಬಾಯಲ್ಲಿ ಬರುತ್ತದೆ. ಏನೂ ಹೇಳಿರದಿದ್ದರೆ, "ನಂಗೂ ಗೊತ್ತಿಲ್ಲ ಮಾವ, ಏನೋ ನಡೀತಾ ಉಂಟು" ಅನ್ನುತ್ತಾಳೆ. ಠೇವಣಿ ಹಿಂತೆಗೆಯಲು ಸಾಲು ಹಚ್ಚಿಸಲಿಕ್ಕೆ ಇದಕ್ಕಿಂತ ಜಾಸ್ತಿ ಏನೂ ಬೇಕಾಗಿಲ್ಲ.

ಈಗ ಸಾಮಾನ್ಯವಾಗಿ ಹೊರಡುವ ಸುತ್ತೋಲೆ ನೋಡಿ. "ಸಂಸ್ಥೆಯ ಸಮಗ್ರ ಅಭಿವೃದ್ಧಿಯ ದೃಷ್ಟಿಯಿಂದ ಕೆಲವು ಆಡಳಿತಾತ್ಮಕ ಬದಲಾವಣೆಗಳನ್ನು ಕೈಗೊಳ್ಳಲಾಗಿದ್ದು, ಸಿಬ್ಬಂದಿ ವರ್ಗದವರು ಸಹಕರಿಸಬೇಕಾಗಿ ಕೋರಲಾಗಿದೆ." ಇಂಥ ಸುತ್ತೋಲೆ ನಾನೂ ಬರೆದುಕೊಟ್ಟಿದ್ದೇನೆ, ಅದಕ್ಕೆ ಈಗಲೂ ಬೇಸರವಿದೆ. ಇದರಲ್ಲಿ ಕೆಲಸ ಮಾಡಿದವರೇ ಇಲ್ಲ. ಕೈಗೊಂಡವರು ಯಾರು? ಕೋರಿದವರು ಯಾರು? ಕನ್ನಡದಲ್ಲಿ "ಲಾಗಿದೆ" ಸೇರಿಸಿದರೆ ಸಾಕು, ಮಾಡಿದವರು ಮಾಯವಾಗುತ್ತಾರೆ. ಓದಿದವರಿಗೆ ತಿಳಿಯುವುದು ಒಂದೇ: ಏನೋ ಮುಚ್ಚಿಡುತ್ತಿದ್ದಾರೆ.

ಉಳಿದವರ ಮೊದಲ ಪ್ರಶ್ನೆ, ಏನಾಯಿತು, ಯಾಕಾಯಿತು? ಅದೇ ವಿಷಯವನ್ನು ಕಾರ್ಯನಿರ್ವಾಹಕರು ಎದುರು ನಿಂತು ಹೀಗೆ ಹೇಳಬಹುದು:

"ಅಂಕೋಲಾ ಶಾಖೆಯನ್ನು ಮಾರ್ಚ್ 31ಕ್ಕೆ ಮುಚ್ಚಿ ಕಾರವಾರಕ್ಕೆ ಸೇರಿಸುತ್ತೇವೆ. ಏಳು ಜನ ಸಹೋದ್ಯೋಗಿಗಳು ಕೆಲಸ ಕಳೆದುಕೊಳ್ಳುತ್ತಾರೆ. ಅವರ ಜೊತೆ ಇವತ್ತು ಬೆಳಿಗ್ಗೆಯೇ ಒಬ್ಬೊಬ್ಬರಾಗಿ ಮಾತಾಡಿದ್ದೇವೆ. ಇದು ಆಡಳಿತ ಮಂಡಳಿಯ ಮತ್ತು ನನ್ನ ತೀರ್ಮಾನ. ಅವರ ಕೆಲಸದಲ್ಲಿ ತಪ್ಪಿತ್ತು ಅಂತ ಅಲ್ಲ. ಶಾಖೆ ಎರಡು ವರ್ಷದಿಂದ ವರ್ಷಕ್ಕೆ 13 ಲಕ್ಷ ಕಳೆದುಕೊಳ್ಳುತ್ತಿದೆ. ನಾಲ್ಕು ವರ್ಷದ ಹಿಂದೆ ಅಲ್ಲಿ ಹೊಸ ಕಟ್ಟಡ ಬಾಡಿಗೆಗೆ ಹಿಡಿದದ್ದು ನಮ್ಮ ತಪ್ಪು ಲೆಕ್ಕ. ಠೇವಣಿ ವಾಪಸ್ ಕೊಡಲು ತೊಂದರೆ ಇಲ್ಲ, ಅದರ ಲೆಕ್ಕ ಈಗಲೇ ತೋರಿಸುತ್ತೇನೆ."

"ನಮ್ಮ ತಪ್ಪು ಲೆಕ್ಕ" ಅನ್ನುವ ಮಾತು ಹೇಳಲು ಆಡಳಿತ ಮಂಡಳಿಗಳು ಬಹಳ ಹಿಂಜರಿಯುತ್ತವೆ. ಆದರೆ ಆ ಕಟ್ಟಡದ ಬಾಡಿಗೆ ಎಷ್ಟು ಅಂತ ಅಲ್ಲಿನ ಪ್ಯೂನನಿಗೂ ಗೊತ್ತಿರುತ್ತದೆ. ಅದನ್ನು ಬಿಟ್ಟು ಮೊಬೈಲ್ ಪಾವತಿಯ ಮೇಲೆ ಎಲ್ಲ ಹೊರೆ ಹಾಕಿದರೆ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: "ಮೇಲಿನವರದ್ದು ಎಷ್ಟು ಕಡಿಮೆ ಆಯಿತು?" ನಿರ್ದೇಶಕರ ಭತ್ಯೆ, ವಾಹನದ ಖರ್ಚು, ಇವಕ್ಕೆ ಕತ್ತರಿ ಬಿದ್ದಿದ್ದರೆ ಮೊತ್ತ ಹೇಳಬೇಕು. ಬಿದ್ದಿಲ್ಲದಿದ್ದರೆ ಸಭೆ ಕರೆಯುವ ಮೊದಲು ಆ ಕೆಲಸ ಮಾಡಿ ಬರುವುದು ಒಳ್ಳೆಯದು. ಇದಕ್ಕೆ ಮಾತಿನಲ್ಲಿ ಪರಿಹಾರ ಇಲ್ಲ.

ಎರಡನೇ ಪ್ರಶ್ನೆ ಇನ್ನೂ ಕಷ್ಟದ್ದು. ಅವರೇ ಯಾಕೆ? ನಾನು ಯಾಕಲ್ಲ? ಉಳಿದವರಿಗೆ ನೆಮ್ಮದಿಯ ಜೊತೆಗೇ ಒಂದು ಅಪರಾಧಿ ಭಾವವೂ ಇರುತ್ತದೆ. ಆಯ್ಕೆ ಹೇಗಾಯಿತು ಅಂತ ತಿಳಿಯದಿದ್ದರೆ ಆ ಭಾವ ಸಂಶಯವಾಗುತ್ತದೆ. ಅವರು ಇಂಥವರ ಕಡೆಯವರಲ್ಲ, ಅದಕ್ಕೇ ಹೋದರು, ಅನ್ನುವ ಮಾತು ಹುಟ್ಟುತ್ತದೆ. ನಮ್ಮ ಕಡೆ ಸಣ್ಣ ಊರು. ಜಾತಿ, ಸಂಬಂಧ, ರಾಜಕೀಯ ಎಲ್ಲ ಒಂದೇ ಓಣಿಯಲ್ಲಿ ಇರುತ್ತವೆ.

ಕಾನೂನಿನಲ್ಲಿ ಇದಕ್ಕೊಂದು ಅಳತೆಗೋಲು ಇದೆ. ಒಂದೇ ಬಗೆಯ ಕೆಲಸ ಮಾಡುವವರಲ್ಲಿ ಕೊನೆಗೆ ಬಂದವರು ಮೊದಲು ಹೋಗಬೇಕು, ಅದನ್ನು ಮೀರಿದರೆ ಕಾರಣ ಬರೆದಿಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇದ್ದ ಈ ನಿಯಮ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ವರ್ಷ ತುಂಬಿದ ಕೆಲಸಗಾರರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರ. ಒಂದು ವರ್ಷದೊಳಗೆ ಮತ್ತೆ ಜನ ಬೇಕಾದರೆ ತೆಗೆದವರಿಗೆ ಮೊದಲ ಅವಕಾಶ. ಇದೆಲ್ಲ ಹೋಗುವವರ ಹಕ್ಕು. ಆದರೆ ಉಳಿದವರ ಎದುರೂ ಇದನ್ನು ಓದಿ ಹೇಳಬೇಕು. ಹೋದವರನ್ನು ಹೇಗೆ ಕಳಿಸಿದರು ಅನ್ನುವುದನ್ನು ನೋಡಿಯೇ, ನಾಳೆ ನನ್ನ ಸರದಿ ಬಂದರೆ ಹೇಗೆ ಕಳಿಸುತ್ತಾರೆ ಅಂತ ಅವರು ತಿಳಿಯುವುದು.

ಇಲ್ಲಿ ಒಂದು ಗೆರೆ ಎಳೆಯಬೇಕು. ಆಯ್ಕೆಯ ನಿಯಮ ಹೇಳಿ, ಆದರೆ ಇಂಥವರು ಯಾಕೆ ಅನ್ನುವ ವೈಯಕ್ತಿಕ ವಿವರ ಹೇಳಬೇಡಿ. "ಅಂಕೋಲಾದ ಕೌಂಟರ್ ಹುದ್ದೆಗಳು ಮತ್ತು ಶಾಖೆಗಳ ಸಾಲದ ಗುಮಾಸ್ತ ಹುದ್ದೆಗಳು ಹೋಗುತ್ತಿವೆ. ಆ ಹುದ್ದೆಯವರಲ್ಲಿ ಸೇವೆಯ ಹಿರಿತನ ನೋಡಿದ್ದೇವೆ" ಅಂದರೆ ಸಾಕು. ಯಾರಾದರೂ ಎದ್ದು, "ಅವಳ ರಜೆ ಜಾಸ್ತಿಯಾಗಿತ್ತು, ಅದಕ್ಕಾ?" ಅಂತ ಕೇಳಿದರೆ, "ಅವರ ವಿಷಯ ಅವರದ್ದು, ಇಲ್ಲಿ ಮಾತಾಡುವುದಿಲ್ಲ. ನಿಮ್ಮ ಬಗ್ಗೆ ಯಾರಾದರೂ ಕೇಳಿದರೂ ಇದನ್ನೇ ಹೇಳುತ್ತೇನೆ" ಅನ್ನಬೇಕು.

ಮೂರನೆಯದು, ಎಲ್ಲರ ಹೊಟ್ಟೆಯಲ್ಲಿ ಕೂತಿರುವ ಪ್ರಶ್ನೆ: ನನಗೆ ಏನಾಗುತ್ತದೆ? ಸಭೆಯಲ್ಲಿ ಕೂತವರು ಮೊದಲ ಐದು ನಿಮಿಷ ಬಿಟ್ಟರೆ ಬೇರೆ ಏನನ್ನೂ ಕೇಳಿಸಿಕೊಳ್ಳುವುದಿಲ್ಲ, ಇದೇ ತಲೆಯಲ್ಲಿ ತಿರುಗುತ್ತಿರುತ್ತದೆ. ಅದಕ್ಕೆ ನಾನು ಹೇಳುವುದು, 37 ಜನಕ್ಕೂ ಹೆಸರು ಬರೆದ ಲಕೋಟೆ ಸಿದ್ಧ ಮಾಡಿ. ಒಳಗೆ ಒಂದೇ ಹಾಳೆ. ನಿಮ್ಮ ಶಾಖೆ ಯಾವುದು, ಹುದ್ದೆ ಯಾವುದು, ಸಂಬಳ ಎಷ್ಟು, ಯಾರಿಗೆ ವರದಿ ಮಾಡಬೇಕು, ಏನು ಬದಲಾಗುತ್ತದೆ, ಯಾವಾಗಿಂದ. ಏನೂ ಬದಲಾಗದವರಿಗೂ ಹಾಳೆ ಬೇಕು. "ನಿಮ್ಮ ಕೆಲಸ, ಶಾಖೆ, ಸಂಬಳ ಈಗ ಇದ್ದ ಹಾಗೇ ಇರುತ್ತವೆ" ಅನ್ನುವ ಒಂದು ಸಾಲನ್ನು ಮನೆಗೆ ಒಯ್ದು ಅಮ್ಮನಿಗೆ ತೋರಿಸಬಹುದು, ಅಲ್ವಾ?

ವರ್ಗವಾಗುವವರ ಹಾಳೆಯಲ್ಲಿ ಹೆಚ್ಚು ಕೆಲಸ ಇದೆ. ಕೆಲಸದ ಹೊತ್ತು, ಪಾಳಿ, ರಜೆಯ ನಿಯಮ ಇಂಥವು ಬದಲಾಗುವುದಾದರೆ ಕಾನೂನು ಪ್ರಕಾರ 21 ದಿನ ಮೊದಲು ನೋಟಿಸ್ ಕೊಡಬೇಕು. ಅದು ಕನಿಷ್ಠದ ಮಾತು. ಅಂಕೋಲಾದಲ್ಲಿ ಮನೆ ಇದ್ದು, ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಇರುವವರಿಗೆ ಫೆಬ್ರವರಿಯಲ್ಲಿ ಶಿರಸಿಗೆ ಹೋಗಿ ಅಂದರೆ 21 ದಿನ ಯಾವ ಲೆಕ್ಕಕ್ಕೆ? ಪರೀಕ್ಷೆ ಮುಗಿದ ಮೇಲೆ ಅಂತ ಬರೆಯಿರಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ಬಂದಾದರೆ ಆ ದಿನ ಕುಮಟಾ ಶಾಖೆಯಲ್ಲಿ ಹಾಜರಿ ಹಾಕಬಹುದು ಅಂತಲೂ ಬರೆಯಿರಿ. ಕಾಳಜಿ ಅಂದರೆ ಇಂಥ ಸಾಲು. ಹಾಗೆ ಬರೆಯಲು ಆ ಮನುಷ್ಯ ಎಲ್ಲಿಂದ, ಹೇಗೆ ಬರುತ್ತಾನೆ ಅಂತ ಮೊದಲು ತಿಳಿದಿರಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಸಭೆಯ ಕೊನೆಯಲ್ಲಿ ಯಾರಾದರೂ ಕೇಳುತ್ತಾರೆ: "ಸರ್, ಇಷ್ಟಕ್ಕೇ ಮುಗೀತಾ? ಇನ್ನು ಯಾರನ್ನೂ ತೆಗೆಯೋದಿಲ್ಲ ಅಲ್ವಾ?" ಎದುರಿಗೆ ಹೆದರಿದ ಮುಖಗಳು. ಹೇಳುವವರಿಗೂ ಸಾಕಾಗಿರುತ್ತದೆ. "ಇಲ್ಲ, ಇಲ್ಲ, ಇಷ್ಟೇ" ಅನ್ನುವ ಮಾತು ತಾನಾಗಿ ಬಾಯಿಗೆ ಬರುತ್ತದೆ. ನನ್ನ ಹಳೆಯ ಮ್ಯಾನೇಜರ್ ಕೂಡ ಕೆಟ್ಟವರಾಗಿರಲಿಲ್ಲ, ಸಮಾಧಾನ ಮಾಡಲು ಹೊರಟವರು. ಆದರೆ ಅದು ಅವರ ಕೈಯಲ್ಲಿ ಇಲ್ಲದ ಭರವಸೆಯಾಗಿತ್ತು.

ಹಾಗೆಂದು "ಏನೂ ಹೇಳಲು ಬರುವುದಿಲ್ಲ" ಅಂದರೂ ಆಗುವುದಿಲ್ಲ. ಆಗ ಜನ ಪ್ರತಿ ಶುಕ್ರವಾರ ತಮ್ಮ ಹೆಸರು ಬರುತ್ತದೆ ಅಂತ ಕಾಯುತ್ತಾರೆ. ನಡುವೆ ಒಂದು ದಾರಿ ಇದೆ. ತೀರ್ಮಾನವಾದದ್ದು, ಆಗದ್ದು, ಆಗದ್ದು ಯಾವಾಗ ತಿಳಿಯುತ್ತದೆ, ಈ ಮೂರನ್ನು ಬೇರೆ ಬೇರೆಯಾಗಿ ಹೇಳುವುದು. ನಮ್ಮ ಸಹಕಾರಿಯಲ್ಲಿ ಅದು ಹೀಗಿರುತ್ತದೆ: "ಈಗ ತೀರ್ಮಾನವಾದದ್ದು ಈ ಏಳು ಹುದ್ದೆ. ಬೇರೆ ಪಟ್ಟಿ ಇಲ್ಲ, ಮೇಜಿನ ಡ್ರಾಯರಿನಲ್ಲೂ ಇಲ್ಲ. ಹೊನ್ನಾವರ ಶಾಖೆಯ ಬಗ್ಗೆ ಇನ್ನೂ ನೋಡುತ್ತಿದ್ದೇವೆ, ಅದನ್ನು ಮುಚ್ಚಿಡುವುದಿಲ್ಲ. ವರ್ಷದ ಲೆಕ್ಕ ಕೈಗೆ ಬಂದ ಮೇಲೆ ಜೂನ್ 30ಕ್ಕೆ ಮತ್ತೆ ಇದೇ ರೀತಿ ಕೂರುತ್ತೇವೆ. ಅಲ್ಲಿಯವರೆಗೆ ಹೊಸ ಕಡಿತ ಮಾಡುವುದಿಲ್ಲ ಅಂತ ಮಂಡಳಿ ಠರಾವು ಮಾಡಿದೆ."

ಹೊನ್ನಾವರದವರಿಗೆ ಈ ಮಾತು ಕೇಳಿ ರಾತ್ರಿ ನಿದ್ದೆ ಬರಲಿಕ್ಕಿಲ್ಲ. ಕೆಲವರು ಬೇರೆ ಕೆಲಸ ಹುಡುಕಲೂಬಹುದು. ಈ ನಷ್ಟ ನಿಜ. ಅದಕ್ಕೇ ಹಲವು ಮಂಡಳಿಗಳು ಹೊನ್ನಾವರದ ಹೆಸರೇ ಎತ್ತಬೇಡಿ ಅನ್ನುತ್ತವೆ. ನನ್ನ ಅನುಭವದಲ್ಲಿ ಹೊನ್ನಾವರದವರಿಗೆ ಅದು ಮೊದಲೇ ಗೊತ್ತಿರುತ್ತದೆ. ಲೆಕ್ಕ ಬರೆಯುವವರು ಅವರೇ ತಾನೇ? ಹೆಸರು ಎತ್ತದಿದ್ದರೆ ಉಳಿಯುವುದು ಸಂಶಯ ಮಾತ್ರ. ಹೆಸರು ಎತ್ತಿ ತಾರೀಕು ಕೊಟ್ಟರೆ, ಅಷ್ಟು ತಿಂಗಳು ಉಸಿರಾಡಲು ಜಾಗ ಸಿಗುತ್ತದೆ. ಆದರೆ ಠರಾವು ನಿಜವಾಗಿ ಆಗಿರಬೇಕು. ಆಗಿರದಿದ್ದರೆ ಕೊನೆಯ ಸಾಲು ಹೇಳಬಾರದು.

ಹೇಳುವ ಕ್ರಮವೂ ಮಾತಿನಷ್ಟೇ ಕೆಲಸ ಮಾಡುತ್ತದೆ. ಹಬ್ಬದ ಹಿಂದಿನ ದಿನ ಬೇಡ. ಚೌತಿಯ ಮುಂಚೆ ಇಂಥ ಸುದ್ದಿ ಕೊಟ್ಟರೆ ಕರಾವಳಿಯಲ್ಲಿ ಯಾರೂ ಮರೆಯುವುದಿಲ್ಲ. ಶನಿವಾರ ಸಂಜೆಯೂ ಬೇಡ, ಏನಾದರೂ ಕೇಳಬೇಕೆಂದರೆ ಸೋಮವಾರದವರೆಗೆ ಯಾರೂ ಸಿಗುವುದಿಲ್ಲ. ಜನವರಿಯ ಒಂದು ಮಂಗಳವಾರ ಅಂದುಕೊಳ್ಳೋಣ. ಹಿಂದಿನ ದಿನ ಸಂಜೆ ಆರೂ ಶಾಖೆಯ ಮ್ಯಾನೇಜರರನ್ನು ಶಿರಸಿಗೆ ಕರೆದು, ಕೇಳಬಹುದಾದ ಪ್ರಶ್ನೆಗಳನ್ನು ಅವರಿಂದಲೇ ಕೇಳಿಸಿ, ಉತ್ತರ ಒಂದೇ ಇರುವಂತೆ ನೋಡಿಕೊಳ್ಳಬೇಕು. ಮಂಗಳವಾರ ಎಂಟೂವರೆಗೆ ಏಳು ಜನರ ಜೊತೆ ಒಬ್ಬೊಬ್ಬರಾಗಿ, ಎದುರು ಬದುರು ಮಾತು. ಅವರೆಲ್ಲರಿಗೂ ತಿಳಿದ ಮೇಲೆ, ಹತ್ತರ ಸುಮಾರಿಗೆ, ಎಲ್ಲ ಶಾಖೆಯಲ್ಲೂ ಒಂದೇ ಹೊತ್ತಿಗೆ ಉಳಿದವರಿಗೆ. ಅಂದು ಕೌಂಟರ್ ಒಂದು ಗಂಟೆ ತಡವಾಗಿ ತೆರೆಯಲಿ. ಬಾಗಿಲಿಗೆ ಚೀಟಿ ಹಚ್ಚಿ, ಎಷ್ಟು ಗಂಟೆಗೆ ತೆರೆಯುತ್ತೇವೆ ಅಂತ ಬರೆದರೆ ಆಯಿತು.

ಇಷ್ಟರಲ್ಲಿ ಬಿಟ್ಟುಹೋಗುವವರು ಪಿಗ್ಮಿ ಸಂಗ್ರಹಿಸುವವರು. ಕಮಿಷನ್ ಮೇಲೆ ದುಡಿಯುವವರು ಅಂತ ಅವರನ್ನು 44ರಲ್ಲಿ ಎಣಿಸಿರುವುದೇ ಇಲ್ಲ. ಬ್ಯಾಂಕುಗಳ ಪಿಗ್ಮಿ ಸಂಗ್ರಾಹಕರೂ ಕೆಲಸಗಾರರೇ ಅಂತ 2001ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನು ಬದಿಗಿಡಿ. ಸಂಜೆ ಅಂಗಡಿ ಅಂಗಡಿಗೆ ಹೋಗುವವರು ಅವರು, ಊರಿನ ಪ್ರಶ್ನೆ ಮೊದಲು ಬೀಳುವುದು ಅವರ ಮೇಲೆ. ಮಧ್ಯಾಹ್ನ ಅವರು ಹೊರಡುವ ಮೊದಲೇ ಕೂರಿಸಿ ಹೇಳಬೇಕು. ಠೇವಣಿದಾರರಿಗೆ ಹೇಳಲು ಮೂರು ಸಾಲು ಬರೆದು ಕೈಗೆ ಕೊಡಬೇಕು: ಅಂಕೋಲಾ ಶಾಖೆ ಮಾರ್ಚ್ 31ಕ್ಕೆ ಕಾರವಾರಕ್ಕೆ ಸೇರುತ್ತದೆ. ನಿಮ್ಮ ಪಾಸ್‌ಬುಕ್, ಠೇವಣಿ ಪತ್ರ ಹಾಗೇ ನಡೆಯುತ್ತವೆ. ಹಣ ಬೇಕಿದ್ದರೆ ಇಂದೂ ಸಿಗುತ್ತದೆ. ಮೂರನೆಯ ಸಾಲು ನಿಜವಾಗಿದ್ದರೆ ಮಾತ್ರ ಕೊಡಬೇಕು, ಕೌಂಟರಿನಲ್ಲಿ ಅಷ್ಟು ನಗದೂ ಇರಬೇಕು.

ಇಷ್ಟೆಲ್ಲ ಮಾತಿನಿಂದ ಏನಾದರೂ ವ್ಯತ್ಯಾಸ ಆಗುತ್ತದಾ? ಅಮೆರಿಕದ ಸಂಶೋಧಕ ಜೆರಾಲ್ಡ್ ಗ್ರೀನ್‌ಬರ್ಗ್ 1990ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ಪದೇ ಪದೇ ನೆನಪಾಗುತ್ತದೆ. ಒಂದು ಕಂಪನಿ ತನ್ನ ಎರಡು ಕಾರ್ಖಾನೆಗಳಲ್ಲಿ ಹತ್ತು ವಾರ ಶೇ 15 ಸಂಬಳ ಕಡಿತ ಮಾಡಿತು. ಒಂದರಲ್ಲಿ ಮುಖ್ಯಸ್ಥರು ಸುಮಾರು 90 ನಿಮಿಷ ಕೂತು, ಲೆಕ್ಕ ತೋರಿಸಿ, ಬೇಸರ ಹೇಳಿಕೊಂಡು, ಪ್ರಶ್ನೆಗಳಿಗೆ ಉತ್ತರಿಸಿದರು. ಇನ್ನೊಂದರಲ್ಲಿ 15 ನಿಮಿಷದಲ್ಲಿ ವಿಷಯ ಹೇಳಿ ಹೊರಟರು. ಕಡಿತದ ಸಮಯದಲ್ಲಿ ಎರಡೂ ಕಡೆ ಕಾರ್ಖಾನೆಯ ಸಾಮಾನು ಕಳವು ಹೆಚ್ಚಿತು. 15 ನಿಮಿಷದ ಕಡೆ ಬಹಳ ಹೆಚ್ಚಿತು, ಕೆಲಸ ಬಿಟ್ಟವರೂ ಅಲ್ಲೇ ಜಾಸ್ತಿ. ಅದು ಸಂಬಳ ಕಡಿತದ ಪ್ರಸಂಗ, ಕೆಲಸ ಹೋದದ್ದಲ್ಲ. ಆದರೂ ನಮ್ಮ ವಿಷಯಕ್ಕೆ ಒಪ್ಪುತ್ತದೆ. ಚೆನ್ನಾಗಿ ವಿವರಿಸಿದ ಕಡೆಯೂ ಕಳವು ಹೆಚ್ಚಿತು ಅನ್ನುವುದನ್ನು ಮರೆಯಬಾರದು. ಒಳ್ಳೆಯ ಮಾತು ಪೆಟ್ಟನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ.

ಸಭೆ ಮುಗಿದ ಮೇಲಿನ ಆರು ವಾರದಲ್ಲಿ ಎಡವುವವರು ಜಾಸ್ತಿ. ಏಳು ಜನರ ಕೆಲಸ ಎಲ್ಲಿಗೆ ಹೋಯಿತು? ಯಾರೂ ಹೇಳದಿದ್ದರೆ ಅದು ಮೆಲ್ಲಗೆ ಇಲ್ಲ ಅನ್ನಲು ಬಾರದವರ ಮೇಜಿಗೆ ಬಂದು ಬೀಳುತ್ತದೆ. ಶಿರಸಿಯ ಸಾಲ ವಿಭಾಗದಲ್ಲಿ ನಾಲ್ಕು ಜನ ಆರು ಶಾಖೆಯ ಕಡತ ನೋಡಬೇಕಾದರೆ ಕೆಲವು ಕೆಲಸ ನಿಲ್ಲಿಸಲೇಬೇಕು. ಒಂದೇ ಮಾಹಿತಿಯನ್ನು ಎರಡು ಪುಸ್ತಕದಲ್ಲಿ ಬರೆಯುವುದು, ವಾರದ ವರದಿಯನ್ನು ಮತ್ತೆ ತಿಂಗಳಿಗೆ ಮಾಡುವುದು, ಇಂಥ ಯಾವುದನ್ನು ಇನ್ನು ಮಾಡಬೇಕಾಗಿಲ್ಲ ಅಂತ ಬರೆದು ಕೊಡಬೇಕು. ಸಾಲ ಮಂಜೂರಾತಿ ಏಪ್ರಿಲ್‌ನಲ್ಲಿ ತಡವಾಗುತ್ತದೆ ಅಂತ ಸದಸ್ಯರಿಗೆ ಮೊದಲೇ ತಿಳಿಸುವುದೂ ಮೇಲಿನವರ ಕೆಲಸ. ಬೈಗುಳ ತಿನ್ನಲು ಗುಮಾಸ್ತರನ್ನು ಮುಂದೆ ಬಿಡಬಾರದು.

ವಾಟ್ಸ್ಯಾಪ್ ಗುಂಪಿನದ್ದೂ ಒಂದು ಮಾತು. ಬೆಳಿಗ್ಗೆ ಹತ್ತಕ್ಕೆ ಏಳು ಹೆಸರನ್ನು ಗುಂಪಿನಿಂದ ತೆಗೆದರೆ 37 ಫೋನಿನಲ್ಲಿ ಏಳು ಸಾಲು ಸಾಲಾಗಿ ಕಾಣುತ್ತವೆ. ಮೇಜಿನ ಮೇಲಿನ ಆ ಸ್ಟೀಲಿನ ಡಬ್ಬಿಯ ಹಾಗೆಯೇ ಇದು. ಅವರನ್ನೇ ಕೇಳಿ. ಕೆಲವರು ಕೊನೆಯ ದಿನ ತಾವೇ ಒಂದು ಮಾತು ಬರೆದು ಹೊರಡಲು ಇಷ್ಟಪಡುತ್ತಾರೆ. ಬೀಳ್ಕೊಡುಗೆ ಬೇಕು ಅನ್ನುವವರಿಗೆ ಮಾಡಿ, ಬೇಡ ಅನ್ನುವವರಿಗೆ ಒತ್ತಾಯ ಬೇಡ. ಉಳಿದವರು ಅವರ ಹೆಸರು ಎತ್ತಿ ಮಾತಾಡಬಹುದು, ಫೋನ್ ಮಾಡಬಹುದು, ಬೇರೆ ಕೆಲಸಕ್ಕೆ ಶಿಫಾರಸು ಮಾಡಬಹುದು ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅದು ತಪ್ಪು ಅಂತಲೇ ತಿಳಿಯುತ್ತಾರೆ.

ಏನೋ ಸರಿಯಿಲ್ಲ ಅಂತ ತಿಳಿಯುವುದು ಹೇಗೆ? ಜಗಳ ಮಾಡುವವರ ಬಗ್ಗೆ ನನಗೆ ಚಿಂತೆ ಕಡಿಮೆ, ಅವರು ಇನ್ನೂ ಕೇಳುತ್ತಿದ್ದಾರೆ. ಪ್ರಶ್ನೆ ನಿಂತಾಗ ಹೆದರಬೇಕು. ಸಭೆಯಲ್ಲಿ ಎಲ್ಲರೂ ತಲೆ ಆಡಿಸಿ, ಚಹಾದ ಅಂಗಡಿಯಲ್ಲಿ ಮಾತಾಡುತ್ತಾರೆ. ಯಾವತ್ತೂ ತಾನಾಗಿ ಎರಡು ಮಾತು ಜಾಸ್ತಿ ಹೇಳುತ್ತಿದ್ದ ಕ್ಯಾಶಿಯರ್ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾರೆ. ಬೇರೆ ಕಡೆ ಸುಲಭವಾಗಿ ಕೆಲಸ ಸಿಗುವವರು, ಅಂದರೆ ನಿಮ್ಮ ಒಳ್ಳೆಯವರು, ಸೇವಾ ಪ್ರಮಾಣಪತ್ರ ಕೇಳುತ್ತಾರೆ. ಇಂಥದ್ದು ಕಂಡಾಗ ಇನ್ನೊಂದು ದೊಡ್ಡ ಸಭೆ ಕರೆಯುವುದರಿಂದ ಉಪಯೋಗ ಕಡಿಮೆ. ಶಾಖೆಗೆ ಹೋಗಿ, ಒಬ್ಬೊಬ್ಬರ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, "ನಿಮ್ಮ ಮೇಜಿಗೆ ಹೊಸದಾಗಿ ಏನು ಬಂತು? ಯಾವುದು ಆಗುತ್ತಿಲ್ಲ?" ಅಂತ ಕೇಳಬೇಕು. ಕೇಳಿದ್ದನ್ನು ಬರೆದುಕೊಂಡು, ಮುಂದಿನ ವಾರ ಏನಾಯಿತು ಅಂತ ಅದೇ ಮನುಷ್ಯನಿಗೆ ಹೇಳಬೇಕು.

ಇನ್ನು ಜೂನ್ 30. ಅಷ್ಟೊತ್ತಿಗೆ ಮಳೆ ಹಿಡಿದಿರುತ್ತದೆ, ಘಟ್ಟದ ರಸ್ತೆ ಹೇಗಿದೆಯೋ ಗೊತ್ತಿಲ್ಲ, ಲೆಕ್ಕ ಪರಿಶೋಧಕರ ವರದಿ ಇನ್ನೂ ಬಂದಿಲ್ಲ ಅಂದುಕೊಳ್ಳಿ. ಹೇಳಲು ಹೊಸದೇನೂ ಇಲ್ಲ, ಮುಂದಿನ ವಾರ ನೋಡೋಣ ಅಂತ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಹೋಗಬೇಕು. ಹೊನ್ನಾವರ ಶಾಖೆಯಲ್ಲಿ ಕೂತು, "ವರದಿ ಬಂದಿಲ್ಲ. ಆದ್ದರಿಂದ ತೀರ್ಮಾನವೂ ಆಗಿಲ್ಲ. ಜುಲೈ 20ಕ್ಕೆ ಮತ್ತೆ ಬರುತ್ತೇನೆ, ಅಲ್ಲಿಯವರೆಗೂ ಕಡಿತ ಇಲ್ಲ" ಅಂತ ಹೇಳಿ ಬರಬೇಕು. ಆ ದಿನ ಕೌಂಟರಿನ ಹುಡುಗಿ ಗೋಡೆಯ ಕ್ಯಾಲೆಂಡರಿನಲ್ಲಿ 20ಕ್ಕೆ ಒಂದು ಸುತ್ತು ಹಾಕುತ್ತಾಳೆ. 30ರ ಸುತ್ತು ಮೊದಲಿನಿಂದಲೇ ಅಲ್ಲಿ ಇರುತ್ತದೆ.